ಜ್ವರ ಇಳಿದ ಮೇಲಿನ ಎರಡು ದಿನ

ಡೆಂಗಿ ವಾರ್ಡಿನಲ್ಲಿ ನರ್ಸ್‌ಗೆ ದಿನವಿಡೀ ಎದುರಾಗುವ ಪ್ರಶ್ನೆ ಒಂದೇ: "ಸಿಸ್ಟರ್, ಕೌಂಟ್ ಎಷ್ಟಾಯ್ತು?" ಮನೆಯವರ ಕಣ್ಣೆಲ್ಲ ಪ್ಲೇಟ್‌ಲೆಟ್ ಮೇಲೆ. ಆದರೆ ಡೆಂಗಿಯಲ್ಲಿ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಪ್ಲೇಟ್‌ಲೆಟ್ ಇಳಿಕೆಯಲ್ಲ, ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರುವುದು. ನರ್ಸಿಂಗ್ ವಿದ್ಯಾರ್ಥಿಗಳು ಮೊದಲು ಕಲಿಯಬೇಕಾದದ್ದು ಈ ಸೋರಿಕೆಯನ್ನು ಗುರುತಿಸುವುದನ್ನು.

ಸೋರಿಕೆ ಶುರುವಾಗುವ ಹೊತ್ತೇ ಮೋಸದ್ದು. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ ಜ್ವರ ಇಳಿಯುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಗಂಡಾಂತರದ 24ರಿಂದ 48 ಗಂಟೆ ಆರಂಭವಾಗುವುದು ಆಗಲೇ. ನೀರಿನಂಶ ಹೊರಗೆ ಹೋದಾಗ ಉಳಿದ ರಕ್ತ ಗಟ್ಟಿಯಾಗುತ್ತದೆ. ಅದನ್ನು ಅಳೆಯುವ ಪರೀಕ್ಷೆಯನ್ನು ವಾರ್ಡಿನಲ್ಲಿ ಪಿಸಿವಿ ಎನ್ನುತ್ತಾರೆ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡ ಎಷ್ಟು ಎಂಬ ಲೆಕ್ಕ.

ಒಬ್ಬ ಕಾಲ್ಪನಿಕ ರೋಗಿಯನ್ನು ನೋಡೋಣ. ಇಪ್ಪತ್ತರ ಯುವತಿ, ತೂಕ 50 ಕಿಲೋ. ಮೂರನೇ ದಿನ 103 ಡಿಗ್ರಿ ಜ್ವರ, ಪಿಸಿವಿ 39, ಪ್ಲೇಟ್‌ಲೆಟ್ 1,10,000, ಬಿಪಿ 110/70. ಐದನೇ ದಿನ ಬೆಳಗ್ಗೆ ಜ್ವರ 99ಕ್ಕೆ ಇಳಿದಿದೆ. ಆದರೆ ಹೊಟ್ಟೆನೋವು ಎನ್ನುತ್ತಾಳೆ, ಮೂರು ಸಲ ವಾಂತಿಯಾಗಿದೆ, ಮಾತಾಡಿಸಿದರೆ ಮಂಕಾಗಿ ಉತ್ತರಿಸುತ್ತಾಳೆ. ಬಿಪಿ 104/80. ಮೇಲಿನ ಸಂಖ್ಯೆಯನ್ನಷ್ಟೇ ನೋಡಿದವರು ಸುಮ್ಮನಾಗಿಬಿಡಬಹುದು. ಎರಡೂ ಸಂಖ್ಯೆಗಳ ನಡುವಿನ ಅಂತರ ನೋಡಿ: 40 ಇದ್ದದ್ದು 24 ಆಗಿದೆ. ಇದೇ ಪಲ್ಸ್ ಪ್ರೆಶರ್. ಅದು 20 ಅಥವಾ ಅದಕ್ಕಿಂತ ಕೆಳಗೆ ಬಂದರೆ ಶಾಕ್ ಎಂದೇ ಲೆಕ್ಕ, ಮೇಲಿನ ಬಿಪಿ ಚೆನ್ನಾಗಿ ಕಂಡರೂ ಸರಿ. ಹೊಸ ಪಿಸಿವಿ 46. ಎರಡು ದಿನಗಳಲ್ಲಿ ಸುಮಾರು ಶೇ 18ರಷ್ಟು ಏರಿಕೆ. ಪ್ಲೇಟ್‌ಲೆಟ್ 62,000. ಪಿಸಿವಿ ಏರುತ್ತಾ ಪ್ಲೇಟ್‌ಲೆಟ್ ಸರಸರನೆ ಇಳಿಯುವ ಈ ಜೋಡಿ ಒಂದು ಅಪಾಯದ ಸೂಚನೆ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಮಂಕು ಅಥವಾ ಚಡಪಡಿಕೆ, ಒಸಡು–ಮೂಗಿನ ರಕ್ತಸ್ರಾವ ಕೂಡ ಅಂಥ ಸೂಚನೆಗಳೇ. ಕೈಕಾಲು ತಣ್ಣಗಾದರೆ, ಉಗುರನ್ನು ಒತ್ತಿ ಬಿಟ್ಟಾಗ ಬಣ್ಣ ಮರಳಲು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಶಾಕ್ ಹತ್ತಿರದಲ್ಲಿದೆ ಎಂದು ತಿಳಿದು ಕೂಡಲೇ ವೈದ್ಯರನ್ನು ಕರೆಯಬೇಕು.

ಇನ್ನು ಮೂತ್ರ. ದೊಡ್ಡವರಲ್ಲಿ ಗಂಟೆಗೆ ಕಿಲೋಗೆ ಅರ್ಧ ಮಿಲಿಲೀಟರಾದರೂ ಬರಬೇಕು. ಇವಳಿಗೆ 25 ಮಿಲಿ. ನಾಲ್ಕು ಗಂಟೆಯಲ್ಲಿ ಬಂದದ್ದು 60, ಅಂದರೆ ಗಂಟೆಗೆ 15. "ಮೂತ್ರ ಹೋಗಿದ್ದಾಳೆ" ಎಂದು ಚಾರ್ಟಿನಲ್ಲಿ ಬರೆದರೆ ಈ ಕೊರತೆ ಕಾಣುವುದೇ ಇಲ್ಲ. ಅಳತೆಯ ಜಗ್ಗಿನಲ್ಲಿ ಹಿಡಿದು ಮಿಲಿಲೀಟರಿನಲ್ಲೇ ಬರೆಯಬೇಕು. ಕುಡಿದ ಎಳನೀರು, ಗಂಜಿ, ಒಆರ್‌ಎಸ್ ಲೆಕ್ಕವೂ ಹಾಗೆಯೇ.

ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯಂತೆ ವೈದ್ಯರು ಗಂಟೆಗೆ ಕಿಲೋಗೆ 5ರಿಂದ 7 ಮಿಲಿ ನಾರ್ಮಲ್ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟನ್ನು ಒಂದೆರಡು ಗಂಟೆ ಬರೆಯುತ್ತಾರೆ. 5ರ ಲೆಕ್ಕದಲ್ಲಿ ಇವಳಿಗೆ ಗಂಟೆಗೆ 250 ಮಿಲಿ. ಒಂದು ಮಿಲಿಗೆ 20 ಹನಿ ಬೀಳುವ ಸೆಟ್ಟಿನಲ್ಲಿ ನಿಮಿಷಕ್ಕೆ ಸುಮಾರು 83 ಹನಿ. ಅದಕ್ಕೂ ಮುಂಚೆ ಪಿಸಿವಿಗೆ ರಕ್ತ ತೆಗೆದಿರಬೇಕು. ಇಲ್ಲದಿದ್ದರೆ ಮುಂದಿನ ಸಂಖ್ಯೆಯನ್ನು ಹೋಲಿಸಲು ಆಧಾರವೇ ಇರುವುದಿಲ್ಲ. ಸುಧಾರಿಸಿದಂತೆಲ್ಲ ವೇಗವನ್ನು ಗಂಟೆಗೆ 150 ಮಿಲಿಗೆ, ಆಮೇಲೆ 100ಕ್ಕೆ ಇಳಿಸುತ್ತಾರೆ. ಇವಳಲ್ಲಿ ಸಂಜೆ ಹೊತ್ತಿಗೆ ಪಿಸಿವಿ 42, ಮೂತ್ರ ಗಂಟೆಗೆ 30 ಮಿಲಿ, ಪಲ್ಸ್ ಪ್ರೆಶರ್ 34.

ಮರುದಿನ ಪ್ಲೇಟ್‌ಲೆಟ್ 38,000 ಎಂದು ಬಂದಾಗ ಮನೆಯವರು ಗಾಬರಿಯಾಗುತ್ತಾರೆ. ಪಿಸಿವಿ 40, ನಾಡಿ ನಿಧಾನ, ಊಟ ಸೇರುತ್ತಿದೆ: ಹುಡುಗಿ ಚೇತರಿಸಿಕೊಳ್ಳುತ್ತಿದ್ದಾಳೆ. ರಕ್ತಸ್ರಾವವಿಲ್ಲದಿದ್ದರೆ ಈ ಸಂಖ್ಯೆಗೆ ಹೆದರಿ ಪ್ಲೇಟ್‌ಲೆಟ್ ಏರಿಸಬೇಕಿಲ್ಲ ಎಂದು ಮನೆಯವರಿಗೆ ತಾಳ್ಮೆಯಿಂದ ಹೇಳುವುದೂ ಶುಶ್ರೂಷೆಯೇ. ಆದರೆ ಪಿಸಿವಿ ಇಳಿದದ್ದೆಲ್ಲ ಶುಭವಲ್ಲ. ಅದರ ಜೊತೆಗೆ ನಾಡಿ ವೇಗವಾಗಿ ಓಡುತ್ತಿದ್ದರೆ, ಬಿಪಿ ಕುಸಿಯುತ್ತಿದ್ದರೆ, ಒಳಗೆಲ್ಲೋ ರಕ್ತ ಹೋಗುತ್ತಿರಬಹುದು. ಮಲ ಕಪ್ಪಗಿದೆಯೇ ಎಂದು ನೋಡಿ, ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಅದೇ ಕಾರಣಕ್ಕೆ ಈ ರೋಗಿಗಳಿಗೆ ಸೊಂಟಕ್ಕೆ ಇಂಜೆಕ್ಷನ್ ಬೇಡ. ಐಬುಪ್ರೊಫೆನ್, ಆಸ್ಪಿರಿನ್, ಡೈಕ್ಲೊಫೆನಾಕ್ ಕೂಡ ಬೇಡ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ.

ಸೋರಿಹೋದ ನೀರು ಚೇತರಿಕೆಯಲ್ಲಿ ತಾನಾಗಿ ರಕ್ತಕ್ಕೆ ಮರಳುತ್ತದೆ. ಆಗಲೂ ಡ್ರಿಪ್ ಓಡುತ್ತಲೇ ಇದ್ದರೆ ಅದು ಶ್ವಾಸಕೋಶದಲ್ಲಿ ಸೇರಿಕೊಳ್ಳಬಹುದು. ಮಲಗಿದರೆ ಕೆಮ್ಮು, ಏದುಸಿರು, ರೆಪ್ಪೆಯ ಊತ ಕಂಡರೆ ಹನಿಯ ವೇಗವನ್ನು ಒಡನೆ ವೈದ್ಯರ ಗಮನಕ್ಕೆ ತರಬೇಕು. ಔಷಧಿಯಿಲ್ಲದೆ 48 ಗಂಟೆ ಜ್ವರ ಬಾರದೆ, ಡ್ರಿಪ್ ಇಲ್ಲದೆ ಪಿಸಿವಿ ಸ್ಥಿರವಾಗಿದ್ದು, ಪ್ಲೇಟ್‌ಲೆಟ್ ಏರುಮುಖವಾದರೆ ಅವಳು ಮನೆಗೆ ಹೋಗಬಹುದು.