ಬಸ್ ಹತ್ತಕ್ಕೆ ಹೊರಟರೆ ಬರಬೇಕಾದ್ದು ಎಷ್ಟಕ್ಕೆ?

ಬೆಂಗಳೂರಿನಿಂದ ಧರ್ಮಸ್ಥಳ, ಕುಕ್ಕೆಗೆ ಬಸ್ ಮಾಡಿಕೊಂಡು ಹೋಗುವ ತಂಡಗಳಲ್ಲಿ ಮೊದಲ ಗೊಂದಲ ಹುಟ್ಟುವುದು ‘ರಾತ್ರಿ 10ಕ್ಕೆ ಬಸ್’ ಎಂಬ ಸಂದೇಶದಿಂದ. ಹತ್ತಕ್ಕೆ ಬಂದರೆ ಸಾಕು ಎಂದುಕೊಳ್ಳುವವರೇ ಹೆಚ್ಚು. ಆದರೆ ಲಗೇಜು ಏರಿಸಿ, ತಲೆ ಎಣಿಸಿ, ಹಿರಿಯರನ್ನು ಕೂರಿಸಲು ಅರ್ಧ ಗಂಟೆ ಬೇಕು.

ಹಾಗಾಗಿ ಅನುಭವಿ ಸಂಘಟಕರು ಎರಡು ಸಮಯ ಕೊಡುತ್ತಾರೆ: ‘ಶುಕ್ರವಾರ ರಾತ್ರಿ 9.30ಕ್ಕೆ ಹಾಜರಿರಬೇಕು, 10ಕ್ಕೆ ಬಸ್ ಹೊರಡುತ್ತದೆ.’ ಮಧ್ಯರಾತ್ರಿ ದಾಟಿದ ಪ್ರಯಾಣವಾದರೆ ವಾರದ ಜೊತೆ ತಾರೀಖನ್ನೂ ಬರೆಯುತ್ತಾರೆ. ‘ಶನಿವಾರ ರಾತ್ರಿ 12.15’ ಎಂದಷ್ಟೇ ಇದ್ದರೆ ಅರ್ಧ ಮಂದಿ ಒಂದು ದಿನ ತಡವಾಗಿ ಬಂದಾರು!

ನಿಲುಗಡೆಗಳಿಗೂ ಇದೇ ಕ್ರಮ. ‘ಹಾಸನದಲ್ಲಿ ಟೀಗೆ 15 ನಿಮಿಷ’ ಎನ್ನುವುದಕ್ಕಿಂತ ‘1.45ಕ್ಕೆ ಎಲ್ಲರೂ ಸೀಟಿನಲ್ಲಿರಬೇಕು’ ಎಂದರೆ ಸ್ಪಷ್ಟ. ಏಕೆಂದರೆ ಕೊನೆಗೆ ಇಳಿದವರು ತಮ್ಮ 15 ನಿಮಿಷವನ್ನು ಇಳಿದ ಕ್ಷಣದಿಂದ ಎಣಿಸುತ್ತಾರೆ.

ಬೆಳಿಗ್ಗೆ ನೇತ್ರಾವತಿ ಸ್ನಾನ, ಮಂಜುನಾಥನ ದರ್ಶನ ಮುಗಿಸಿ ಧರ್ಮಸ್ಥಳ ಬಿಡುವ ಹೊತ್ತೇ ಇಡೀ ದಿನಕ್ಕೆ ಮುಖ್ಯ. ಕುಕ್ಕೆಗೆ ಅಲ್ಲಿಂದ ಸುಮಾರು ಒಂದೂವರೆ ಗಂಟೆಯ ದಾರಿ; ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕುತ್ತದೆ. 10.30ಕ್ಕೆ ಹೊರಟರೆ ಸರತಿಗೆ ಸಮಯ ಸಿಗುತ್ತದೆ. ಒಬ್ಬರ ಖರೀದಿಗಾಗಿ ಬಸ್ 11.30ರವರೆಗೆ ಕಾದರೆ, ಸಂಜೆಯ ದರ್ಶನಕ್ಕೆ ಎಲ್ಲರೂ ಕಾಯಬೇಕಾದೀತು.

ತಡವಾದವರ ನಿಯಮವೂ ಇಷ್ಟೇ ನೇರವಾಗಿರಬೇಕು: ‘10 ನಿಮಿಷ ಕಾಯುತ್ತೇವೆ, ಎರಡು ಸಲ ಫೋನ್ ಮಾಡುತ್ತೇವೆ, ನಂತರ ಬಸ್ ಹೊರಡುತ್ತದೆ. ತಪ್ಪಿಸಿಕೊಂಡವರು ಸ್ವಂತ ಖರ್ಚಿನಲ್ಲಿ ನೆಲಮಂಗಲಕ್ಕೆ ಬಂದು ಹತ್ತಬಹುದು.’ ಕೊನೆಯಲ್ಲಿ ಬಸ್ ನಂಬರ್, ಚಾಲಕರ ಮೊಬೈಲ್ ನಂಬರ್ ಇದ್ದರೆ ಸಂದೇಶ ಪೂರ್ತಿ.