ಕಪಾಟಿನಲ್ಲಿ ಕೂತ ದುಡ್ಡು

ಒಂದು ಹಾರ್ಡ್‌ವೇರ್ ಅಂಗಡಿಯನ್ನು ಊಹಿಸಿಕೊಳ್ಳಿ. ಒಂದು ಮಾದರಿಯ 38 ನಲ್ಲಿಗಳು ಉಳಿದಿವೆ. ಕೊಂಡ ಬೆಲೆ ತಲಾ 300 ರೂಪಾಯಿ. ಸರಕು ಬಂದುಹೋದ ವರದಿ ತೆಗೆದರೆ, ಆರು ತಿಂಗಳಲ್ಲಿ ಮಾರಾಟವಾದದ್ದು ಎರಡೇ. ಇದೇ ವೇಗದಲ್ಲಿ ಖಾಲಿಯಾಗಲು ಒಂಬತ್ತೂವರೆ ವರ್ಷ ಬೇಕು. ಇದು ನಿಧಾನದ ಸರಕು. ವರ್ಷವಿಡೀ ಒಂದೂ ಹೋಗದಿದ್ದರೆ ಸತ್ತ ಸರಕು.

ಆದರೆ ಮಳೆಗಾಲದ ಟಾರ್ಪಾಲನ್ನು ಬೇಸಿಗೆಯ ವರದಿಯಿಂದ ಅಳೆಯಬೇಡಿ. ಹನ್ನೆರಡು ತಿಂಗಳ ಲೆಕ್ಕ ನೋಡಿ.

ನಲ್ಲಿಗಳಿಗೆ ಹೊಸ ಆರ್ಡರ್ ಮೊದಲು ನಿಲ್ಲಿಸಿ. ವಿತರಕರು ವಾಪಸ್ ಪಡೆಯುವರೇ, ಬೇರೆ ಮಾಲು ಕೊಡುವರೇ ಕೇಳಿ. ಒಪ್ಪದಿದ್ದರೆ ಪ್ಲಂಬರ್‌ಗಳಿಗೆ ಸಗಟಾಗಿ 250ಕ್ಕೆ ಕೊಡಿ. 1,900 ರೂಪಾಯಿ ನಷ್ಟವಾದರೂ 9,500 ಕೈಸೇರುತ್ತದೆ. ಆ ಹಣದಲ್ಲಿ ಬೇಗ ಹೋಗುವ ಮಾಲು ತನ್ನಿ.