ತೀರ್ಪಿನ ತಲೆಯ ಮೇಲಿನ ನಾಲ್ಕು ಸಾಲು

2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಜನರ ಬಾಯಲ್ಲಿ ಅದು ಒಂದೇ ಸಾಲಾಗಿ ಉಳಿಯಿತು: ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಕಟ್ಟೆಯ ಮಾತಿಗೆ ಇಷ್ಟು ಸಾಕು. ಕಾನೂನು ವರದಿಯ ಸಂಪಾದಕ ಇದೇ ಸಾಲನ್ನು ತೀರ್ಪಿನ ತಲೆಯ ಮೇಲೆ ಹೆಡ್‌ನೋಟ್ ಎಂದು ಅಚ್ಚು ಹಾಕಿಸಿದರೆ ಮಾತ್ರ ಯಾವುದೋ ತಾಲ್ಲೂಕಿನ ಕೋರ್ಟಿನಲ್ಲಿ ಒಬ್ಬ ವಕೀಲರು ದಾರಿ ತಪ್ಪುತ್ತಾರೆ, ಅವರ ಹಿಂದೆ ಒಂದು ಕುಟುಂಬವೂ ತಪ್ಪುತ್ತದೆ.

ಹೆಡ್‌ನೋಟ್ ಎಂದರೆ ವರದಿಯಾದ ತೀರ್ಪಿನ ಮೊದಲಿಗೆ, ಮೂಲ ತೀರ್ಪು ಶುರುವಾಗುವ ಮುನ್ನ ಇರುವ ಟಿಪ್ಪಣಿ. ನ್ಯಾಯಾಲಯ ಯಾವ ಪ್ರಶ್ನೆಗೆ ಏನು ಉತ್ತರ ಕೊಟ್ಟಿತು ಎಂಬುದನ್ನು ಅದು ಕೆಲವೇ ಸಾಲಿನಲ್ಲಿ ಹೇಳುತ್ತದೆ. ಅದರ ನೆತ್ತಿಯಲ್ಲಿ ಅಡ್ಡಗೆರೆಗಳಿಂದ ಬಿಡಿಸಿದ ಪದಗಳ ಸಾಲೊಂದಿರುತ್ತದೆ. ಅದು ಕ್ಯಾಚ್‌ವರ್ಡ್, ಹುಡುಕುವವರಿಗೆ ಸಿಗುವ ಕೀವರ್ಡ್. ಇವೆರಡನ್ನೂ ಸಾಮಾನ್ಯವಾಗಿ ನ್ಯಾಯಮೂರ್ತಿಗಳು ಬರೆಯುವುದಿಲ್ಲ, ವರದಿಯ ಸಂಪಾದಕರು ಬರೆಯುತ್ತಾರೆ. ವಿನೀತಾ ಶರ್ಮಾ ತೀರ್ಪು ನೂರು ಪುಟ ಮೀರುತ್ತದೆ. ನೂರು ಪುಟ ಓದಲು ಪುರುಸೊತ್ತಿಲ್ಲದವರು ಮೊದಲು ನೋಡುವುದು ಈ ಟಿಪ್ಪಣಿಯನ್ನೇ, ಎಷ್ಟೋ ಸಲ ಕೊನೆಗೆ ನೋಡುವುದೂ ಅದನ್ನೇ.

ಸಂಪಾದಕ ತೀರ್ಪನ್ನು ಓದುವ ಕ್ರಮ ಬೇರೆ. ಮೊದಲು ಸಂಗತಿಗಳು, ಆಮೇಲೆ ಪೀಠದ ಮುಂದಿದ್ದ ಪ್ರಶ್ನೆ, ಆಮೇಲೆ ನೇರವಾಗಿ ಕೊನೆಯ ಆದೇಶ. ಪ್ರಶ್ನೆಯೂ ಉತ್ತರವೂ ಎದುರು ಬದುರಾದ ಮೇಲೆಯೇ ನಡುವಿನ ಪುಟಗಳಿಗೆ ಕೈ ಹಾಕಬೇಕು. ಅಲ್ಲಿ ಪ್ರತಿ ಪ್ಯಾರಾದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಳ್ಳುವ ಗುರುತು ಒಂದೇ: ಈ ಮಾತು ಯಾರದು? ವಕೀಲರ ವಾದವೋ, ಹಳೆಯ ತೀರ್ಪಿನಿಂದ ಎತ್ತಿದ ಭಾಗವೋ, ಈ ಪೀಠದ ಸ್ವಂತ ತೀರ್ಮಾನವೋ? ವಿನೀತಾ ಶರ್ಮಾ ತೀರ್ಪಿನಲ್ಲಿ ಹಿಂದಿನ ಎರಡು ತೀರ್ಪುಗಳ ನಡುವೆ ವಿರೋಧವೇ ಇಲ್ಲ ಎಂಬ ಮಾತು ಬರುತ್ತದೆ. ಅದು ನ್ಯಾಯಾಲಯಕ್ಕೆ ನೆರವಾಗುತ್ತಿದ್ದ ಹಿರಿಯ ವಕೀಲರೊಬ್ಬರ ವಾದ. ಪೀಠ ಅದನ್ನು ಒಪ್ಪಲಿಲ್ಲ. ಅವಸರದಲ್ಲಿ ಅದನ್ನು ಎತ್ತಿ ಹೆಡ್‌ನೋಟಿಗೆ ಹಾಕಿದರೆ ಕೋರ್ಟು ಹೇಳಿದ್ದರ ತದ್ವಿರುದ್ಧ ಅಚ್ಚಾಗುತ್ತದೆ. ಹೆಡ್‌ನೋಟ್ ತಪ್ಪುವುದು ಹೆಚ್ಚಾಗಿ ಕಾನೂನು ಗೊತ್ತಿಲ್ಲದ್ದರಿಂದಲ್ಲ, ಯಾರ ಮಾತೆಂದು ಗುರುತು ಮಾಡದೆ ಓದಿದ್ದರಿಂದ.

ಈ ಪ್ರಕರಣದ ಪ್ರಶ್ನೆ ಹುಟ್ಟಿದ್ದು ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಸೆಕ್ಷನ್‌ನಿಂದ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿ ಮಗಳನ್ನೂ ಮಗನ ಹಾಗೆ ಕೋಪಾರ್ಸನರ್ ಮಾಡಿತು, ಅಂದರೆ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲು ಇರುವವಳು. ಆ ದಿನ ತಂದೆ ತೀರಿಹೋಗಿದ್ದರೆ? 2015ರಲ್ಲಿ ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣದಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ, ಆ ದಿನ ತಂದೆಯೂ ಮಗಳೂ ಬದುಕಿರಬೇಕು ಎಂದಿತ್ತು. 2018ರಲ್ಲಿ ದಾನಮ್ಮ ವಿರುದ್ಧ ಅಮರ್ ಪ್ರಕರಣದಲ್ಲಿ ಇನ್ನೊಂದು ಇಬ್ಬರ ಪೀಠ, ತಂದೆ 2001ರಲ್ಲೇ ತೀರಿಹೋಗಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಎರಡೂ ಕರ್ನಾಟಕದಿಂದ ಹೋದ ಮೇಲ್ಮನವಿಗಳು. ಈ ಗೊಂದಲ ಬಿಡಿಸಲೆಂದೇ ಮೂವರ ಪೀಠ ಕೂತಿತು.

ಈಗ ಮೊದಲಿನ ಸಾಲಿಗೆ ಬರೋಣ. ‘ತಂದೆಯ ಆಸ್ತಿ’ ಎಂದರೆ ತಂದೆ ತಾನೇ ದುಡಿದು ಕೊಂಡ ಸೈಟೂ ಸೇರಿಬಿಡುತ್ತದೆ. ತೀರ್ಪು ಹೇಳಿದ್ದು ಸ್ವಯಾರ್ಜಿತದ ಮಾತಲ್ಲ. ‘ಸಮಪಾಲು’ ಎಂಬುದನ್ನು ತಿದ್ದುಪಡಿಯೇ ಕೊಟ್ಟಿತ್ತು. ಪೀಠದ ಮುಂದಿದ್ದ ಜಗಳ ತಂದೆ ಬದುಕಿರಬೇಕೇ ಎಂಬುದು, ಅದು ಆ ಸಾಲಿನಲ್ಲಿ ಇಲ್ಲವೇ ಇಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದು ದಿನಾಂಕದ್ದು. 2004ರ ಡಿಸೆಂಬರ್ 20, ಅಂದರೆ ತಿದ್ದುಪಡಿ ಮಸೂದೆ ರಾಜ್ಯಸಭೆಗೆ ಬಂದ ದಿನ. ಅದಕ್ಕೂ ಮುಂಚೆ ನಡೆದುಹೋದ ಮಾರಾಟ, ವಿಭಾಗ, ವಿಲ್ ಇವುಗಳನ್ನು ಕಾಯ್ದೆ ಮುಟ್ಟುವುದಿಲ್ಲ. 1998ರಲ್ಲಿ ಅಪ್ಪ ಸರಿಯಾಗಿ ಕ್ರಯಪತ್ರ ಮಾಡಿ ಮಾರಿದ ಗದ್ದೆಯನ್ನು ಈ ತೀರ್ಪು ಹಿಡಿದು ಮಗಳು ವಾಪಸ್ ಕೇಳಲಾಗದು. ಈ ಷರತ್ತು ಬಿಟ್ಟುಹೋದ ಹೆಡ್‌ನೋಟ್ ನಂಬಿ ದಾವೆ ಹೂಡಿದವರು ಕೋರ್ಟ್ ಶುಲ್ಕವನ್ನೂ ವರ್ಷಗಳನ್ನೂ ಕಳೆದುಕೊಳ್ಳುತ್ತಾರೆ.

ಹಾಗಾದರೆ ಬರೆಯುವುದು ಹೇಗೆ? ಕ್ಯಾಚ್‌ವರ್ಡಿನಿಂದ ಶುರು ಮಾಡಬೇಕು, ಅಗಲದಿಂದ ಕಿರಿದಕ್ಕೆ ಬರಬೇಕು. ನಮ್ಮಲ್ಲಿ ವರದಿಗಳು ಇಂಗ್ಲಿಷಿನಲ್ಲೇ ಬರುತ್ತವೆ. ಕನ್ನಡದಲ್ಲಿ ಬರೆದರೆ ಸುಮಾರಾಗಿ ಹೀಗಿರುತ್ತದೆ:

ಹಿಂದೂ ಉತ್ತರಾಧಿಕಾರ ಕಾಯ್ದೆ, 1956 — ಸೆಕ್ಷನ್ 6 (2005ರ ತಿದ್ದುಪಡಿಯಂತೆ) — ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿ — ಮಗಳ ಹಕ್ಕು — ತಿದ್ದುಪಡಿಗೆ ಮುಂಚೆ ಹುಟ್ಟಿದ ಮಗಳು — ತಂದೆ 9-9-2005ರಂದು ಬದುಕಿರುವುದು ಅಗತ್ಯವೇ

ಒಂದೊಂದು ಗೆರೆ ದಾಟಿದಾಗಲೂ ಓದುಗರ ಗುಂಪು ಚಿಕ್ಕದಾಗುತ್ತದೆ. ಸ್ವಯಾರ್ಜಿತದ ವ್ಯಾಜ್ಯ ಇರುವವರು ಮೂರನೆಯ ಪದದಲ್ಲೇ ಪುಟ ತಿರುಗಿಸಿ ಮುಂದೆ ಹೋಗಬೇಕು. ಕೊನೆಯ ಪದ ಪ್ರಶ್ನೆಯ ರೂಪದಲ್ಲಿದ್ದರೆ, ಕೆಳಗಿನ ಟಿಪ್ಪಣಿ ಉತ್ತರ ಕೊಡಲೇಬೇಕಾಗುತ್ತದೆ. ಬರೆಯುವವರಿಗೂ ಅದೊಂದು ಕಡಿವಾಣ. ಪದಗಳನ್ನು ಕಾಯ್ದೆಯಿಂದಲೇ ತೆಗೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಹುಡುಕುವವರ ಬೆರಳಿಗೆ ಬರುವುದೂ ಆ ಪದಗಳೇ. ‘ಮಹಿಳಾ ಸಮಾನತೆ’ ಎಂಬಂಥ ಚೆಂದದ ಪದ ಇಲ್ಲಿ ಕೆಲಸಕ್ಕೆ ಬಾರದು. ಸಾವಿರ ತೀರ್ಪುಗಳಿಗೆ ಅಂಟಿಸಬಹುದಾದ ಪದ ಒಂದನ್ನೂ ಹುಡುಕಿಕೊಡುವುದಿಲ್ಲ.

ಅದರ ಕೆಳಗೆ ಟಿಪ್ಪಣಿ:

ತೀರ್ಮಾನ: ತಿದ್ದುಪಡಿಗೆ ಮುಂಚೆ ಹುಟ್ಟಿದ ಮಗಳೂ ಮಗನಂತೆಯೇ ಕೋಪಾರ್ಸನರ್, ಹಕ್ಕುಗಳೂ ಹೊಣೆಗಳೂ ಇಬ್ಬರಿಗೂ ಒಂದೇ. ಈ ಹಕ್ಕನ್ನು ಆಕೆ 9-9-2005ರಿಂದ ಕೇಳಬಹುದು. ಹಕ್ಕು ಹುಟ್ಟಿನಿಂದ ಬರುವುದರಿಂದ ಆ ದಿನ ತಂದೆ ಬದುಕಿರಬೇಕಾಗಿಲ್ಲ. ಆದರೆ 20-12-2004ಕ್ಕೆ ಮುಂಚೆ ನಡೆದ ವಿಲೇವಾರಿ, ಪರಭಾರೆ, ವಿಭಾಗ, ಉಯಿಲುಗಳಿಗೆ ಸೆಕ್ಷನ್ 6(1) ಕೊಟ್ಟಿರುವ ರಕ್ಷಣೆ ಹಾಗೆಯೇ ಉಳಿಯುತ್ತದೆ. (ಪ್ಯಾರಾ 129)

ಪ್ಯಾರಾ ಸಂಖ್ಯೆ ಬರಿಯ ಅಲಂಕಾರವಲ್ಲ. ಸಂಪಾದಕ ತನ್ನ ಪ್ರತಿ ಸಾಲನ್ನೂ ತೀರ್ಪಿನ ಇಂಥ ಪ್ಯಾರಾದಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕು. ಬೆರಳಿಡಲು ಜಾಗ ಸಿಗದ ಸಾಲು ತನ್ನ ಊಹೆ, ಅದನ್ನು ಹೊಡೆದುಹಾಕಬೇಕು. ಕರ್ನಾಟಕದವರಿಗೆ ಇಲ್ಲೊಂದು ಆಸೆ ಹುಟ್ಟುವುದು ಸಹಜ. ನಮ್ಮ ರಾಜ್ಯ 1994ರಲ್ಲೇ 6ಎ ಸೆಕ್ಷನ್ ತಂದು ಮಗಳಿಗೆ ಇಂಥ ಹಕ್ಕು ಕೊಟ್ಟಿತ್ತು, ಅದಕ್ಕೂ ಮುಂಚೆ ಮದುವೆಯಾದವಳನ್ನು ಮಾತ್ರ ಹೊರಗಿಟ್ಟಿತ್ತು. ಆ ನಿರ್ಬಂಧದ ಗತಿ ಇನ್ನು ಇಂತಿಷ್ಟೇ ಎಂದು ಟಿಪ್ಪಣಿಯಲ್ಲಿ ಸೇರಿಸಿದರೆ ಇಲ್ಲಿನ ವಕೀಲರಿಗೆ ಅನುಕೂಲವಲ್ಲವೇ? ಅನುಕೂಲ ಹೌದು, ಆದರೆ ಪೀಠ ಕೊನೆಗೆ ಉತ್ತರಿಸಿದ ಅಂಶಗಳಲ್ಲಿ ಅದಿಲ್ಲ. ಹೇಳಲೇಬೇಕಿದ್ದರೆ ‘ಸಂಪಾದಕರ ಟಿಪ್ಪಣಿ’ ಎಂಬ ಬೇರೆ ತಲೆಬರಹದಲ್ಲಿ ಹೇಳಬೇಕು.

ಇದೇ ತೀರ್ಪಿನ ಇನ್ನೊಂದು ವಿಷಯಕ್ಕೆ ಎರಡನೆಯ ಹೆಡ್‌ನೋಟ್ ಬೇಕು: ಬಾಯಿಮಾತಿನ ಪಾಲು. ಮಗಳು ದಾವೆ ಹಾಕಿದ ಕೂಡಲೇ ಅಣ್ಣತಮ್ಮಂದಿರು ‘ಎಂದೋ ಊರ ಹಿರಿಯರ ಮುಂದೆ ಪಾಲಾಗಿದೆ’ ಎನ್ನುವುದು ನಮಗೆ ಗೊತ್ತಿರುವ ಕಥೆಯೇ. ಬರೀ ಬಾಯಿಸಾಕ್ಷಿಯ ಮೇಲೆ ನಿಂತ ಇಂಥ ವಾದವನ್ನು ತಿರಸ್ಕರಿಸಬೇಕು ಎಂದಿತು ಪೀಠ. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಸಾರ್ವಜನಿಕ ದಾಖಲೆಗಳ ಬೆಂಬಲವಿದ್ದು, ಕೋರ್ಟ್ ಡಿಕ್ರಿಯಿಂದ ಆದ ವಿಭಾಗದಷ್ಟೇ ಖಚಿತವಾಗಿ ಅದು ಕಂಡುಬಂದರೆ, ಅಪರೂಪದ ಪ್ರಕರಣಗಳಲ್ಲಿ ಒಪ್ಪಬಹುದು ಎಂದೂ ಹೇಳಿತು. ‘ಬಾಯಿಮಾತಿನ ಪಾಲು ಸಿಂಧುವಲ್ಲ’ ಎಂದು ಬರೆದರೆ ಮಗಳ ಕಡೆಯವರಿಗೆ ಹೆಚ್ಚು ಕೊಟ್ಟಂತೆ; ‘ದಾಖಲೆಯಿದ್ದರೆ ಸಿಂಧು’ ಎಂದು ಬರೆದರೆ ಗಂಡುಮಕ್ಕಳ ಕಡೆಯವರಿಗೆ ಹೆಚ್ಚು ಕೊಟ್ಟಂತೆ. ‘ಅಪರೂಪದ’ ಮತ್ತು ‘ಒಪ್ಪಬಹುದು’ ಎಂಬ ಎರಡೂ ಪದ ಉಳಿಯಲೇಬೇಕು. ಪದ ಉಳಿಸಲು ಹೋಗಿ ಷರತ್ತನ್ನು ಕತ್ತರಿಸುವುದು ಈ ಕಸುಬಿನ ಹಳೆಯ ರೋಗ. ಬಾಕಿ ದಾವೆಗಳನ್ನು ಆದಷ್ಟು ಮಟ್ಟಿಗೆ ಆರು ತಿಂಗಳಲ್ಲಿ ಮುಗಿಸಿ ಎಂದು ಪೀಠ ಕೋರಿದ್ದೂ ಇದೆ; ಅದು ಕಾನೂನಿನ ತತ್ವವಲ್ಲ, ತೀರ್ಮಾನದ ಸಾಲಿಗೆ ಸೇರುವುದಿಲ್ಲ.

ನನ್ನ ಲೆಕ್ಕದಲ್ಲಿ ಈ ಮೂರರಲ್ಲಿ ಹೆಡ್‌ನೋಟ್ ಬರೆಯಲು ಅತಿ ಕಷ್ಟದ್ದು ದಾನಮ್ಮ ತೀರ್ಪು. ಅದು ಫೂಲವತಿ ತೀರ್ಪನ್ನು ಉಲ್ಲೇಖಿಸುತ್ತದೆ, ಅದನ್ನು ತಪ್ಪು ಎನ್ನುವುದಿಲ್ಲ. ಆದರೆ ಕೊಟ್ಟ ಫಲ ಆ ಸೂತ್ರಕ್ಕೆ ಹೊಂದುವುದಿಲ್ಲ. ಇಂಥ ಕಡೆ ಸಂಪಾದಕ ಜಾಣತನ ತೋರಿಸಿ ಎರಡನ್ನೂ ಹೊಂದಿಸಿ ಬರೆಯಬಾರದು. ಸಂಗತಿಗಳನ್ನೇ ಟಿಪ್ಪಣಿಯೊಳಗೆ ತರಬೇಕು: ತಂದೆಯ ಸಾವು 2001, ಮೊಮ್ಮಗನ ದಾವೆ 2002, ತಿದ್ದುಪಡಿ ಬಂದಾಗ ದಾವೆ ಬಾಕಿ, ವಿಚಾರಣಾ ನ್ಯಾಯಾಲಯದ ಡಿಕ್ರಿ 2007, ಹೆಣ್ಣುಮಕ್ಕಳಿಗೆ ತಲಾ ಐದರಲ್ಲೊಂದು ಪಾಲು. ವರ್ಷಗಳು ಕಣ್ಣೆದುರಿಗಿದ್ದರೆ ಓದಿದ ವಕೀಲರಿಗೆ ಬಿರುಕು ತಾನಾಗಿ ಕಾಣುತ್ತದೆ. ಮುಂದಿನ ಪೀಠಕ್ಕೆ ಕೊಂಡೊಯ್ಯಬೇಕಾದದ್ದೂ ಆ ಬಿರುಕನ್ನೇ.

ಟಿಪ್ಪಣಿ ತೀರ್ಪಿಗಿಂತ ದೊಡ್ಡದಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲೊಂದು ಹೆಸರಾಂತ ಉದಾಹರಣೆ ಇದೆ. 1886ರ ಸಾಂತಾ ಕ್ಲಾರಾ ಕೌಂಟಿ ಮತ್ತು ಸದರ್ನ್ ಪೆಸಿಫಿಕ್ ರೈಲ್ವೆ ನಡುವಿನ ತೆರಿಗೆ ಪ್ರಕರಣದಲ್ಲಿ, ಸಂವಿಧಾನದ 14ನೇ ತಿದ್ದುಪಡಿಯ ರಕ್ಷಣೆ ಪಡೆಯುವ ‘ವ್ಯಕ್ತಿ’ಗಳಲ್ಲಿ ಕಂಪನಿಗಳೂ ಸೇರುತ್ತವೆ ಎಂಬ ಸಾಲನ್ನು ಹೆಡ್‌ನೋಟಿನಲ್ಲಿ ಹಾಕಿದವರು ಕೋರ್ಟಿನ ವರದಿಗಾರ ಬ್ಯಾಂಕ್ರಾಫ್ಟ್ ಡೇವಿಸ್. ಮುಖ್ಯ ನ್ಯಾಯಮೂರ್ತಿ ವೇಟ್ ವಾದಕ್ಕೆ ಮುಂಚೆ ಬಾಯಿಮಾತಿನಲ್ಲಿ ಹಾಗೆ ಹೇಳಿದ್ದುಂಟು; ಲಿಖಿತ ತೀರ್ಪು ಮಾತ್ರ ಆ ಪ್ರಶ್ನೆಯನ್ನು ನಿರ್ಧರಿಸದೆ ಬೇರೆ ಕಾರಣದ ಮೇಲೆ ಮುಗಿಯಿತು. ಆದರೂ ಮುಂದೆ ದಶಕಗಳ ಕಾಲ ಆ ಪ್ರಕರಣವನ್ನು ಕಂಪನಿಗಳ ಹಕ್ಕಿಗೆ ಆಧಾರವೆಂದು ಉಲ್ಲೇಖಿಸುತ್ತಲೇ ಬಂದರು. 1906ರಲ್ಲಿ ಅದೇ ನ್ಯಾಯಾಲಯ ಡೆಟ್ರಾಯಿಟ್ ಟಿಂಬರ್ ಪ್ರಕರಣದಲ್ಲಿ, ಹೆಡ್‌ನೋಟ್ ತೀರ್ಪಿನ ಭಾಗವಲ್ಲ ಎಂದು ಹೇಳಬೇಕಾಯಿತು.

ವಿನೀತಾ ಶರ್ಮಾ ತೀರ್ಪು ಬಂದ ಮೇಲೆ 2016ರ ಸಂಪುಟದಲ್ಲಿರುವ ಫೂಲವತಿಯ ಹೆಡ್‌ನೋಟನ್ನು ಯಾರೂ ತಿದ್ದಿ ಬರೆಯುವುದಿಲ್ಲ. ಆ ತೀರ್ಪು ಆ ದಿನ ಹೇಳಿದ್ದು ಅದನ್ನೇ. ಬದಲಿಗೆ ಹೊಸ ವರದಿಯಲ್ಲಿ ಅದರ ಹೆಸರಿನ ಮುಂದೆ ‘ರದ್ದುಪಡಿಸಲಾಗಿದೆ’ ಎಂದು ಬರುತ್ತದೆ. ದಾನಮ್ಮದ ಮುಂದೆ ಹಾಗೆ ಹಾಕುವಂತಿಲ್ಲ. ಪೀಠ ಹೇಳಿದ್ದು, ತನ್ನ ನಿಲುವಿಗೆ ವಿರುದ್ಧವಾಗಿರುವ ಮಟ್ಟಿಗೆ ಭಾಗಶಃ ರದ್ದು ಎಂದು. ಸೂಚಿಯಲ್ಲಿ ಆ ‘ಭಾಗಶಃ’ ಬಿಟ್ಟುಹೋದರೆ, ಆ ಹೆಣ್ಣುಮಕ್ಕಳಿಗೆ ಸಿಕ್ಕ ಪಾಲೇ ತಪ್ಪಾಗಿತ್ತು ಎಂದು ಓದುವವರಿಗೆ ಅನ್ನಿಸಲು ಅಷ್ಟೇ ಸಾಕು.